ಆರು ಅಡಿಯೋ ನಾಲ್ಕು ಅಡಿಯೋ: ಫೋಟೊದೊಳಗೆ ಪಾಗಾರ ಎಬ್ಬಿಸಿದ ಕೆಲಸ

ಕರಾವಳಿಯ ಒಂದು ಹಳೆಯ ಹಂಚಿನ ಮನೆ. ಎರಡಡಿ ಎತ್ತರದ ಜಗಲಿ, ಅದರ ಮುಂದೆ ಹದಿನೈದು ಅಡಿ ಅಂಗಳ, ಅಂಗಳ ಮುಗಿದಲ್ಲಿ ಮುಳ್ಳುಬೇಲಿ, ಆಚೆ ಕಾಂಕ್ರೀಟ್ ರಸ್ತೆ. ಬೇಲಿ ತೆಗೆದು ನಲವತ್ತು ಅಡಿ ಉದ್ದದ ಕೆಂಪುಕಲ್ಲಿನ ಪಾಗಾರ ಕಟ್ಟಿಸುವುದೆಂದು ತೀರ್ಮಾನವಾಗಿತ್ತು. ಎತ್ತರದ ವಿಷಯದಲ್ಲಿ ಮಾತ್ರ ಮನೆಯೊಳಗೆ ಎರಡು ಮಾತು. ಯಜಮಾನರಿಗೆ ಆರು ಅಡಿ ಬೇಕು, ಅವರ ತಾಯಿಗೆ ಜಗಲಿಯಲ್ಲಿ ಕೂತಾಗ ರಸ್ತೆಯಲ್ಲಿ ಹೋಗುವವರ ಮುಖ ಕಾಣಬೇಕು. ಕಟ್ಟುವ ಮೊದಲೇ ಫೋಟೊದಲ್ಲಿ ಗೋಡೆ ಎಬ್ಬಿಸಿ ತೋರಿಸಿ ಎಂದು ನನಗೆ ಹೇಳಿದರು.

ಇಂಥ ಚಿತ್ರ ನೋಡಲು ಚೆನ್ನಾಗಿದ್ದರೆ ಸಾಲದು. ಗೋಡೆಯ ಮೇಲಂಚು ನಿಜವಾದ ಗೋಡೆ ನಿಲ್ಲುವ ಜಾಗದಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಚಿತ್ರ ನೋಡಿ ಆರಿಸಿದ ಎತ್ತರ ಕಟ್ಟಿದ ಮೇಲೆ ಬೇರೆಯೇ ಆಗಿ ಕಾಣುತ್ತದೆ. ಹಾಗಾಗಿ ಸಮಾನಾಂತರ ಗೆರೆಗಳು ಚಿತ್ರದಲ್ಲಿ ದೂರ ಹೋಗಿ ಸೇರುವ ಬಿಂದು, ಅಂದರೆ ವ್ಯಾನಿಷಿಂಗ್ ಪಾಯಿಂಟ್ ಹುಡುಕಿ, ಅಡಿ ಲೆಕ್ಕದ ಗ್ರಿಡ್ ಹಾಕಿ, ಅದರ ಮೇಲೆ ಗೋಡೆ ಬರೆದೆ. ಬಳಸಿದ್ದು ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ. ಲೆಕ್ಕ ಗೊತ್ತಿದ್ದರೆ ಕಾಗದ, ಸ್ಕೇಲು, ಪೆನ್ಸಿಲ್‌ನಲ್ಲೂ ಇದೇ ಕೆಲಸ ಆಗುತ್ತದೆ.

ಎರಡು ಕೋಲು ನೆಟ್ಟು ತೆಗೆದ ಫೋಟೊ

ಮೇಸ್ತ್ರಿ ಆಗಲೇ ಪಾಗಾರದ ಗೆರೆಗೆ ದಾರ ಕಟ್ಟಿದ್ದರು. ಗೋಡೆ ತಿರುಗುವ ಹತ್ತಿರದ ಮೂಲೆಯಲ್ಲಿ ಅಡಿ ಅಡಿಗೆ ಬಣ್ಣದ ಗುರುತು ಹಾಕಿದ ಬಿದಿರಿನ ಕೋಲೊಂದನ್ನು ನೆಟ್ಟೆವು. ದಾರದ ಗುಂಟ ಸರಿಯಾಗಿ 8 ಅಡಿ ಅಳೆದು ಅಂಥದ್ದೇ ಇನ್ನೊಂದನ್ನು ನೆಟ್ಟೆವು. ಎರಡನ್ನೂ ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿದ್ದಾಯಿತು. ಮುಂದಿನ ಇಡೀ ಲೆಕ್ಕಕ್ಕೆ ಆಧಾರ ಈ ಎರಡು ಕೋಲುಗಳೇ.

ಕ್ಯಾಮೆರಾ ಇಟ್ಟದ್ದು ರಸ್ತೆಯ ಆಚೆ ಬದಿಯಲ್ಲಿ, ದಾರದಿಂದ ನೇರಕ್ಕೆ 18 ಅಡಿ ದೂರದಲ್ಲಿ, ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ. ಲೆನ್ಸ್ 24 ಮಿಲಿಮೀಟರಿನದು, ಸೆನ್ಸರ್ 36 ಮಿಲಿಮೀಟರ್ ಅಗಲದ್ದು, ಫೋಟೊ 6000 ಪಿಕ್ಸೆಲ್ ಅಗಲ, 4000 ಎತ್ತರ. ಈ ಸಂಖ್ಯೆಗಳಿಂದ ಲೆನ್ಸಿನ ನಾಭಿದೂರ ಪಿಕ್ಸೆಲ್ ಲೆಕ್ಕದಲ್ಲಿ ಸಿಗುತ್ತದೆ: 24 ÷ 36 × 6000 = 4000. ಇದನ್ನು ಬರೆದಿಟ್ಟುಕೊಂಡೆ. ಮುಂದೆ ಒಂದು ಗಟ್ಟಿ ಪರೀಕ್ಷೆಗೆ ಇದು ಬೇಕು.

ಅಗಲ ಲೆನ್ಸಿನ ಫೋಟೊದಲ್ಲಿ ಅಂಚಿನ ನೇರ ಗೆರೆಗಳು ಹೊರಗೆ ಉಬ್ಬುತ್ತವೆ. ಸೂರಿನ ಗೆರೆಗೆ ಸ್ಕೇಲು ಇಟ್ಟರೆ ತುದಿಗಳು ಮುಟ್ಟಿ ನಡು ತಪ್ಪುತ್ತದೆ, ಅದರಿಂದಲೇ ಇದು ಗೊತ್ತಾಗುತ್ತದೆ. ಫೋಟೊ ತಿದ್ದುವ ತಂತ್ರಾಂಶ ಡಾರ್ಕ್‌ಟೇಬಲ್‌ನ `lens correction` ಹಾಕಿ ಅದನ್ನು ಮೊದಲೇ ನೆಟ್ಟಗೆ ಮಾಡಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಫೋಟೊ ಕ್ರಾಪ್ ಮಾಡಿದರೆ ಅಥವಾ ಗೋಡೆ ನೆಟ್ಟಗಾಗಲಿ ಎಂದು ವಾಲಿಸಿದರೆ ಲೆನ್ಸಿನ ನಡುಬಿಂದು ಚಿತ್ರದ ನಡುವಿನಿಂದ ಸರಿದುಹೋಗುತ್ತದೆ, ಆಮೇಲೆ ಮೇಲಿನ 4000 ಉಪಯೋಗಕ್ಕೆ ಬರುವುದಿಲ್ಲ.

ಬಲಗಡೆಯ ಬಿಂದು, ಎಡಗಡೆಯ ಬಿಂದು

ದಾರಕ್ಕೆ ಸಮಾನಾಂತರವಾಗಿ ಮನೆಯ ಮುಂಭಾಗವಿದೆ. ಸೂರಿನ ಕೆಳ ಅಂಚು, ಕಿಟಕಿಗಳ ತಳ, ಜಗಲಿಯ ಅಂಚು ಎಲ್ಲವೂ ಫೋಟೊದಲ್ಲಿ ಬಲಕ್ಕೆ ಓಡಿ ಒಂದೇ ಕಡೆ ಸೇರಬೇಕು. ಎಲ್ಲವನ್ನೂ ಎಳೆದು ನೋಡಿದರೂ ನಾನು ನಂಬಿದ್ದು ಎರಡನ್ನು: ಕಣ್ಣಿನ ಮಟ್ಟಕ್ಕಿಂತ ಬಹಳ ಮೇಲಿರುವ ಸೂರು, ಬಹಳ ಕೆಳಗಿರುವ ಜಗಲಿಯ ಅಂಚು. ಇವೆರಡರ ನಡುವಿನ ಕೋನ ದೊಡ್ಡದು. ಎಳೆಯುವಾಗ ಕೈ ಕೂದಲೆಳೆಯಷ್ಟು ಆಚೀಚೆಯಾದರೂ ಸೇರುವ ಬಿಂದು ಹೆಚ್ಚು ಸರಿಯುವುದಿಲ್ಲ. ಪಕ್ಕಪಕ್ಕದ ಎರಡು ಗೆರೆ ತೆಗೆದುಕೊಂಡರೆ ಅಷ್ಟೇ ತಪ್ಪಿಗೆ ಬಿಂದು ನೂರಾರು ಪಿಕ್ಸೆಲ್ ಹಾರುತ್ತದೆ. ನನಗೆ ಸಿಕ್ಕ ಬಿಂದು ಎಡದಿಂದ 5000, ಮೇಲಿನಿಂದ 1980.

ಅದರ ಮೂಲಕ ಅಡ್ಡಕ್ಕೆ ಎಳೆದ ಗೆರೆಯೇ ದಿಗಂತ, ಅಂದರೆ ಕ್ಯಾಮೆರಾದ ಕಣ್ಣಿನ ಮಟ್ಟ. ಚಿತ್ರದ ನಡು 2000ದಲ್ಲಿದೆ, ದಿಗಂತ 20 ಪಿಕ್ಸೆಲ್ ಮೇಲೆ ಬಂತು. ಕ್ಯಾಮೆರಾ ಅರ್ಧ ಡಿಗ್ರಿಯೂ ವಾಲಿಲ್ಲ ಎಂದಾಯಿತು. ಹಾಗಾಗಿ ಕಂಬಗಳನ್ನೆಲ್ಲ ನೇರ ಲಂಬವಾಗಿ ಬರೆದರೆ ಸಾಕು, ಅವುಗಳಿಗೆ ಮೂರನೆಯ ಪಾಯಿಂಟ್ ಬೇಡ.

ಮೂಲೆಯಿಂದ ಎಡಕ್ಕೆ ತಿರುಗುವ ಪಕ್ಕದ ಗೋಡೆಗೆ ಎಡಗಡೆಯ ಪಾಯಿಂಟ್ ಬೇಕು. ಮನೆಯ ಪಕ್ಕದ ಗೋಡೆ ಫೋಟೊದಲ್ಲಿ ಮೊಟಕಾಗಿ ಕಾಣುತ್ತಿತ್ತು. ಅದರ ಗೆರೆಗಳನ್ನು ಎಳೆದರೆ ಫೋಟೊದ ಎಡ ಅಂಚಿನ ಆಚೆ ಒಂದು ಜೋಡಿ −4600ರಲ್ಲಿ, ಇನ್ನೊಂದು −5400ರಲ್ಲಿ ಸೇರಿದವು. ಯಾವುದನ್ನು ನಂಬುವುದು? ಬರೆದಿಟ್ಟಿದ್ದ 4000 ಇಲ್ಲಿ ಕೆಲಸಕ್ಕೆ ಬಂತು. ಕ್ಯಾಮೆರಾ ಮಟ್ಟವಾಗಿದ್ದು ಎರಡು ದಿಕ್ಕುಗಳು ಒಂದಕ್ಕೊಂದು ಲಂಬವಾಗಿದ್ದರೆ, ಚಿತ್ರದ ನಡುವಿನಿಂದ ಎರಡು ಪಾಯಿಂಟ್‌ಗಳಿಗಿರುವ ದೂರಗಳ ಗುಣಲಬ್ಧ ನಾಭಿದೂರದ ವರ್ಗಕ್ಕೆ ಸಮ. ನಡು 3000, ಬಲಗಡೆಯ ಪಾಯಿಂಟ್ 2000 ದೂರದಲ್ಲಿದೆ. 4000 × 4000 ÷ 2000 = 8000. ನಡುವಿನಿಂದ 8000 ಎಡಕ್ಕೆ ಹೋದರೆ −5000. ನನ್ನ ಎರಡು ಅಂದಾಜುಗಳ ಸರಿಯಾಗಿ ನಡುವೆ! ಎರಡು ಪಾಯಿಂಟ್‌ಗಳನ್ನು ಎಲ್ಲೆಂದರಲ್ಲಿ ಇಡಲು ಬರುವುದಿಲ್ಲ, ಒಂದು ನಿಂತರೆ ಇನ್ನೊಂದರ ಜಾಗವೂ ನಿಂತುಬಿಡುತ್ತದೆ ಎನ್ನುವುದನ್ನು ಚಿತ್ರ ಕಲಿಯುವವರಿಗೆ ಯಾರಾದರೂ ಮೊದಲೇ ಹೇಳಬೇಕು. ಪಾಯಿಂಟ್‌ಗಳನ್ನು ತೀರ ಹತ್ತಿರ ಇಟ್ಟ ಚಿತ್ರಗಳಲ್ಲಿ ಮನೆಯ ಮೂಲೆ ಕತ್ತಿಯಂತೆ ಚೂಪಾಗಿ ಕಾಣುವುದು ಇದೇ ಕಾರಣಕ್ಕೆ.

ಕ್ರಿಟಾದಲ್ಲಿ `Assistant Tool` ತೆಗೆದು `Vanishing Point` ಆರಿಸಿ ಎರಡೂ ಕಡೆ ಇಟ್ಟೆ. ಎಡಗಡೆಯದು ಕ್ಯಾನ್ವಾಸಿನ ಹೊರಗೆ 5000 ಪಿಕ್ಸೆಲ್ ದೂರದಲ್ಲಿದ್ದರೂ ತೊಂದರೆಯಿಲ್ಲ, ಝೂಮ್ ಕಡಿಮೆ ಮಾಡಿ ಹೊರಗಿನ ಬೂದು ಜಾಗದಲ್ಲೇ ಇಡಬಹುದು. ಬ್ರಷ್‌ನ ಆಯ್ಕೆಗಳಲ್ಲಿ `Snap to Assistants` ಹಾಕಿದರೆ ಕೈಯಿಂದ ಎಳೆದ ಗೆರೆ ತಾನಾಗಿ ಆ ಬಿಂದುವಿನ ಕಡೆಗೆ ಹೋಗುತ್ತದೆ.

ಕಂಬಗಳ ಜಾಗ

ಮೂಲೆಯ ಕೋಲಿನ ಬುಡ ಎಡದಿಂದ 1000, ಮೇಲಿನಿಂದ 2980ರಲ್ಲಿದೆ. ದಿಗಂತ ಆ ಕೋಲನ್ನು ಸರಿಯಾಗಿ 5 ಅಡಿಯ ಗುರುತಿನಲ್ಲಿ ಕತ್ತರಿಸಿತು. ಬುಡದಿಂದ ದಿಗಂತಕ್ಕೆ 1000 ಪಿಕ್ಸೆಲ್, ಹಾಗಾಗಿ ಮೂಲೆಯಲ್ಲಿ ಅಡಿಗೆ 200 ಪಿಕ್ಸೆಲ್. ಆರು ಅಡಿಯ ಗೋಡೆ ಇಲ್ಲಿ 1200 ಪಿಕ್ಸೆಲ್ ಎದ್ದು ದಿಗಂತಕ್ಕಿಂತ 200 ಮೇಲೆ ನಿಲ್ಲುತ್ತದೆ.

ಗೋಡೆಯ ಉದ್ದಕ್ಕೆ 8 ಅಡಿಗೊಂದು ಕಂಬ. ಅವು ದೂರ ಹೋದಂತೆ ಎಷ್ಟೆಷ್ಟು ಹತ್ತಿರವಾಗುತ್ತವೆ ಎನ್ನುವುದೇ ಈ ಕೆಲಸದ ತಿರುಳು. ಮೂಲೆಯಿಂದ ಬಲಗಡೆಯ ಪಾಯಿಂಟ್‌ವರೆಗಿನ ಪೂರ್ತಿ ಗೆರೆಯನ್ನು 1 ಎಂದಿಟ್ಟುಕೊಳ್ಳಿ. ನೆಲದ ಮೇಲೆ d ಅಡಿ ದೂರವಿರುವ ಕಂಬ ಆ ಗೆರೆಯ ಮೇಲೆ t ಎಂಬ ಪಾಲಿನಲ್ಲಿ ನಿಲ್ಲುತ್ತದೆ:

t = d / (d + k)

ಇಲ್ಲಿ k ಒಂದೇ ಒಂದು ಸಂಖ್ಯೆ. ಅದನ್ನು ಎರಡನೆಯ ಕೋಲು ಹೇಳುತ್ತದೆ. ಆ ಕೋಲು ಫೋಟೊದಲ್ಲಿ 2054ರಲ್ಲಿದೆ. ಮೂಲೆಯಿಂದ 1054, ಪೂರ್ತಿ ಗೆರೆಯ ಅಡ್ಡಳತೆ 4000, ಹಾಗಾಗಿ t = 0.2635. ತಿರುಗಿಸಿ ಬರೆದರೆ k = 8 × (1 − 0.2635) ÷ 0.2635 = 22.36 ಅಡಿ. ಲೆನ್ಸು, ಸೆನ್ಸರ್ ಯಾವುದೂ ಗೊತ್ತಿಲ್ಲದ ಮೊಬೈಲ್ ಫೋಟೊ ಆದರೂ ಸರಿ, ಅಳತೆ ಮಾಡಿ ನೆಟ್ಟ ಎರಡು ಕೋಲು ಮತ್ತು ಒಂದು ವ್ಯಾನಿಷಿಂಗ್ ಪಾಯಿಂಟ್ ಇದ್ದರೆ ಇಷ್ಟು ಸಿಗುತ್ತದೆ. ಉಳಿದ ಕಂಬಗಳಿಗೆ:

```python
for d in range(0, 41, 8):
    t = d / (d + 22.36)
    print(d, round(1000 + 4000*t), round(2980 - 1000*t))
```

ಕಂಬಗಳು ಎಡದಿಂದ 1000, 2054, 2668, 3071, 3355, 3566ರಲ್ಲಿ ಬಂದವು. ನಡುವಿನ ಅಂತರಗಳು 1054, 614, 403, 284, 211. ಹಿಂದಿನ ಅಂತರದೊಂದಿಗೆ ಹೋಲಿಸಿದರೆ ಮೊದಲ ಇಳಿಕೆ 0.58 ಪಾಲಿಗೆ, ಆಮೇಲೆ 0.66, 0.70, 0.74. ಇಳಿಕೆಯ ಪ್ರಮಾಣವೇ ಬದಲಾಗುತ್ತಾ ಹೋಗುತ್ತದೆ. ಪ್ರತಿ ಅಂತರವನ್ನೂ ಹಿಂದಿನದರ ಮೂರರಲ್ಲಿ ಎರಡು ಪಾಲು ಮಾಡುತ್ತಾ ಹೋಗುವುದು ಬಹಳ ಹಳೆಯ ರೂಢಿ. ಇಟಲಿಯ ವಾಸ್ತುಶಿಲ್ಪಿ ಆಲ್ಬೆರ್ಟಿ 1435ರಲ್ಲೇ ಅದನ್ನು ತಪ್ಪೆಂದು ಬರೆದಿದ್ದ. ಕಣ್ಣಳತೆಯಲ್ಲಿ ಕಂಬ ಹಾಕುವವರ ಕೈಯಲ್ಲಿ ಅದು ಇಂದಿಗೂ ಉಳಿದಿದೆ. ಹಾಗೆ ಬರೆದ ಗೋಡೆ ದೂರ ಹೋದಂತೆ ಬಾಗಿದಂತೆ ಕಾಣುತ್ತದೆ, ಆದರೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಲೆಕ್ಕ ಬೇಡ ಎನ್ನುವವರಿಗೆ ಕರ್ಣದ ದಾರಿ ಇದೆ, ನನ್ನ ಅಂಕಿಗಳನ್ನು ನಾನು ಪರೀಕ್ಷಿಸಿದ್ದೂ ಅದರಿಂದಲೇ. ಮೊದಲ ಕಂಬದ ತಲೆಯಿಂದ ಎರಡನೆಯ ಕಂಬದ ನಡುಮಧ್ಯದ ಮೂಲಕ ಗೆರೆ ಎಳೆದು ಬುಡದ ಗೆರೆಗೆ ಮುಟ್ಟಿಸಿದರೆ ಅಲ್ಲಿ ಮೂರನೆಯ ಕಂಬ. ನನಗೆ ಅದು 2668ಕ್ಕೇ ಬಂತು. ಆದರೆ ಪ್ರತಿ ಕಂಬವೂ ಹಿಂದಿನ ಕಂಬದ ಮೇಲೆ ನಿಂತಿರುವುದರಿಂದ ಸಣ್ಣ ತಪ್ಪುಗಳು ಕೂಡಿಕೊಳ್ಳುತ್ತಾ ಹೋಗುತ್ತವೆ. ಐದಾರು ಕಂಬಕ್ಕೆ ಅಡ್ಡಿಯಿಲ್ಲ, ಉದ್ದನೆಯ ಕಾರಿಡಾರಿಗೆ ಸೂತ್ರವೇ ಒಳ್ಳೆಯದು.

ರಸ್ತೆ ಬೇರೆ ಕಡೆ ಸೇರಿತು

ರಸ್ತೆಯ ಎರಡು ಅಂಚುಗಳನ್ನು ಎಳೆದಾಗ ಅವು 5000, 1980ರಲ್ಲಿ ಸೇರಲಿಲ್ಲ. 5000, 1900ರಲ್ಲಿ ಸೇರಿದವು. ಅಡ್ಡಕ್ಕೆ ಅದೇ ಜಾಗ, ಆದರೆ 80 ಪಿಕ್ಸೆಲ್ ಮೇಲೆ. ರಸ್ತೆ ಮನೆಗೆ ಸಮಾನಾಂತರವಾಗಿಯೇ ಇದೆ, ಆದರೆ ಮಟ್ಟವಾಗಿಲ್ಲ, ಮುಂದಕ್ಕೆ ಏರುತ್ತಿದೆ ಎಂದು ಇದರ ಅರ್ಥ. ಏರುವ ನೆಲದ ಗೆರೆಗಳು ದಿಗಂತದ ಮೇಲೆ ಸೇರುತ್ತವೆ, ಇಳಿಯುವ ನೆಲದವು ಕೆಳಗೆ.

ಬರಿಗಣ್ಣಿಗೆ ಅಲ್ಲಿ ಏರು ಗೊತ್ತೇ ಆಗುತ್ತಿರಲಿಲ್ಲ. ಎರಡನೆಯ ಕೋಲನ್ನು ನೋಡಿದೆ. ದಿಗಂತ ಮೊದಲನೆಯದನ್ನು 5 ಅಡಿಯಲ್ಲಿ ಕತ್ತರಿಸಿದರೆ ಇದನ್ನು 4 ಅಡಿ 10 ಇಂಚಿನ ಹತ್ತಿರ ಕತ್ತರಿಸಿತ್ತು. 8 ಅಡಿಯಲ್ಲಿ ನೆಲ ಸುಮಾರು 1.7 ಇಂಚು ಏರಿದೆ. 80 ಪಿಕ್ಸೆಲ್ಲಿನ ಲೆಕ್ಕವೂ ನೂರು ಅಡಿಗೆ 1.8 ಅಡಿಯ ಏರು ಎನ್ನುತ್ತದೆ, ಎರಡೂ ಒಂದೇ. ನಲವತ್ತು ಅಡಿ ಹೋಗುವಷ್ಟರಲ್ಲಿ ಎಂಟೂವರೆ ಇಂಚು. ಈ ಗೋಡೆಯ ಕಲ್ಲಿನ ಒಂದು ಸಾಲು ಗಾರೆ ಸೇರಿ 8 ಇಂಚು. ಅಂದರೆ ಮೂಲೆಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒಂದು ಇಡೀ ಸಾಲು ನೆಲದೊಳಗೆ ಹೋಗುತ್ತದೆ.

ಮೇಸ್ತ್ರಿಗೆ ಹೇಳಿದೆ. ಅವರು ಟ್ಯೂಬ್ ಲೆವೆಲ್ ಹಿಡಿದು ನೋಡಿ, "ಹೌದು ಮಾರಾಯ್ರೇ, ಒಂದು ಕಲ್ಲು ಏರಿದೆ. ಮಧ್ಯದಲ್ಲಿ ಮೆಟ್ಟಿಲು ಕೊಡ್ಬೇಕು" ಎಂದರು.

ಚಿತ್ರದಲ್ಲಿ ಇದಕ್ಕೆ ಮೂರನೆಯ ಅಸಿಸ್ಟೆಂಟ್ ಒಂದನ್ನು 5000, 1900ರಲ್ಲಿ ಇಟ್ಟೆ. ಕಲ್ಲಿನ ಸಾಲುಗಳು, ಗೋಡೆಯ ಮೇಲಂಚು ಎಲ್ಲ ಮಟ್ಟದವು, ಅವು 1980ರ ಬಿಂದುವಿಗೆ. ಗೋಡೆ ನೆಲ ಮುಟ್ಟುವ ಗೆರೆ ಮಾತ್ರ 1900ರ ಬಿಂದುವಿಗೆ. ಹೊಸ ರಸ್ತೆ ಬರೆಯುವವರು ಇದನ್ನು ಬಿಟ್ಟರೆ ರಸ್ತೆ ಮನೆಗಳ ಬುಡ ಬಿಟ್ಟು ತೇಲಿದಂತೆ ಕಾಣುತ್ತದೆ.

ಕಲ್ಲು ಹೊದಿಸಿದ್ದು

ಗೋಡೆಯನ್ನು ನೇರ ಎದುರಿನಿಂದ ನೋಡಿದಂತೆ ಬೇರೆ ಕಡತದಲ್ಲಿ ಬರೆದೆ: 40 ಅಡಿಗೆ 6 ಅಡಿ, ಅಡಿಗೆ 200 ಪಿಕ್ಸೆಲ್, ಅಂದರೆ 8000ಕ್ಕೆ 1200. ಎಂಟಿಂಚಿನ ಒಂಬತ್ತು ಸಾಲು, ಹದಿನಾರು ಇಂಚಿನ ಕಲ್ಲುಗಳು, ಒಂದು ಸಾಲಿನ ಸಂದು ಮುಂದಿನ ಸಾಲಿನ ಕಲ್ಲಿನ ನಡುವಿಗೆ ಬರುವಂತೆ. ಬಣ್ಣಕ್ಕೆ ಊರಿನಲ್ಲೇ ಇದ್ದ ಹಳೆಯ ಕೆಂಪುಕಲ್ಲಿನ ಗೋಡೆಯ ಫೋಟೊ. ಹೊಸದಾಗಿ ಕಡಿದ ಕಲ್ಲಿನ ಬಣ್ಣ ತುಸು ಹೆಚ್ಚು ಕಿತ್ತಳೆ, ಮಳೆಗಾಲ ಕಂಡ ಮೇಲೆ ಕಪ್ಪಾಗುತ್ತದೆ. ಯಜಮಾನರು ಕಟ್ಟಿಸಿದ ಮೊದಲ ವರ್ಷ ನೋಡುವುದು ಹೊಸ ಬಣ್ಣವನ್ನೇ, ಹಾಗಾಗಿ ಅದನ್ನೇ ಇಟ್ಟೆ.

ಆಮೇಲೆ `Transform` ಉಪಕರಣದ `Perspective` ವಿಧಾನದಲ್ಲಿ ನಾಲ್ಕು ಮೂಲೆಗಳನ್ನು ಕೂರಿಸಿದೆ: ಹತ್ತಿರದ ಬುಡ 1000, 2980, ಹತ್ತಿರದ ತಲೆ 1000, 1780, ದೂರದ ಬುಡ 3566, 2339, ದೂರದ ತಲೆ 3566, 1908. ಬುಡವನ್ನು ಮೊದಲು ಮಟ್ಟವೆಂದೇ ಕೂರಿಸಿ, ಆಮೇಲೆ 1900ರ ಬಿಂದುವಿಗೆ ಹೋಗುವ ನೆಲದ ಗೆರೆಗೆ ಸರಿಯಾಗಿ ಮಾಸ್ಕ್ ಮಾಡಿ ಕತ್ತರಿಸಿದೆ. ಕೊನೆಯ ಸಾಲು ಮೆಲ್ಲಗೆ ನೆಲದೊಳಗೆ ಇಳಿಯುವುದು ಚಿತ್ರದಲ್ಲಿ ಹಾಗೆಯೇ ಬಂತು.

ಇಲ್ಲೊಂದು ಪರೀಕ್ಷೆ ಮಾಡಲೇಬೇಕು. ಚಪ್ಪಟೆ ಚಿತ್ರದಲ್ಲಿ 20 ಅಡಿಯ ಜಾಗಕ್ಕೆ ಒಂದು ಎದ್ದು ಕಾಣುವ ಗೆರೆ ಹಾಕಿಟ್ಟಿದ್ದೆ. ಕೂರಿಸಿದ ಮೇಲೆ ಅದು 2889ರಲ್ಲಿ ಬರಬೇಕು, ನಾಲ್ಕು ಮೂಲೆಗಳ ಕರ್ಣಗಳು ಕೂಡುವುದೂ ಅಲ್ಲೇ. ಅದು ಎರಡು ತುದಿಗಳ ಸರಿಮಧ್ಯವಾದ 2283ರಲ್ಲಿ ಬಂದಿದ್ದರೆ, ಬಳಸಿದ ವಿಧಾನ ಚಿತ್ರವನ್ನು ಬರೀ ಹಿಗ್ಗಿಸಿದೆ, ಪರ್ಸ್‌ಪೆಕ್ಟಿವ್ ಕೊಟ್ಟಿಲ್ಲ ಎಂದರ್ಥ. ಹೊರಗಿನ ಆಕಾರ ಎರಡರಲ್ಲೂ ಒಂದೇ ಆದ್ದರಿಂದ ಮೇಲ್ನೋಟಕ್ಕೆ ಪತ್ತೆಯಾಗುವುದಿಲ್ಲ. ದೂರದ ಕಲ್ಲುಗಳು ಉದ್ದ, ಹತ್ತಿರದವು ಗಿಡ್ಡ ಎಂಬಂತೆ ಕಾಣತೊಡಗುತ್ತವೆ.

ಎಡಕ್ಕೆ ತಿರುಗಿದ ಪಕ್ಕದ ಗೋಡೆ ಒಂಬತ್ತು ಅಡಿಯಷ್ಟೇ ಫೋಟೊದೊಳಗೆ ಬರುತ್ತದೆ. ಅದೇ ರೀತಿ −5000ರ ಬಿಂದುವಿಗೆ ಎಳೆದು ಮುಗಿಸಿದೆ.

ಐದು ಅಡಿಯ ಗೆರೆಯ ಮೇಲೆ, ಕೆಳಗೆ

ಈ ಫೋಟೊದಲ್ಲಿ ಸರಿಯಾಗಿ ಐದು ಅಡಿಯ ಗೋಡೆಯ ಮೇಲಂಚು ದಿಗಂತದ ಮೇಲೆಯೇ ಕೂರುತ್ತದೆ, ಈ ತುದಿಯಿಂದ ಆ ತುದಿಗೆ ಅಡ್ಡ ನೇರ ಗೆರೆ. ಆರು ಅಡಿಯದ್ದು ದೂರ ಹೋದಂತೆ ಕೆಳಗಿಳಿಯುತ್ತದೆ, ನಾಲ್ಕು ಅಡಿಯದ್ದು ಮೇಲೇರುತ್ತದೆ. ನಾಲ್ಕು ಅಡಿಯಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ: ಗೋಡೆಯ ತಲೆ ಕಣ್ಣಿಗಿಂತ ಕೆಳಗಿರುವುದರಿಂದ ಅದರ ಮೇಲ್ಮೈ ಕಾಣಬೇಕು. ಒಂಬತ್ತಿಂಚು ದಪ್ಪದ ಗೋಡೆಗೆ ಮೂಲೆಯಲ್ಲಿ ಅದು ಸುಮಾರು 8 ಪಿಕ್ಸೆಲ್ ದಪ್ಪದ ಪಟ್ಟಿ. ಅಷ್ಟು ಸಣ್ಣದಾದರೂ ಅದನ್ನು ಬರೆಯದಿದ್ದರೆ ಗೋಡೆ ರಟ್ಟಿನ ಹಾಗೆ ತೆಳ್ಳಗೆ ಕಾಣುತ್ತದೆ. ಮೇಲಿನಿಂದ ಬೆಳಕು ಬೀಳುವ ಆ ಪಟ್ಟಿಗೆ ತುಸು ತಿಳಿ ಬಣ್ಣ ಕೊಟ್ಟೆ.

ಆರು ಅಡಿಯ ಚಿತ್ರದಲ್ಲಿ ಜಗಲಿ ಪೂರ್ತಿ ಮುಚ್ಚಿಹೋಯಿತು. ಲೆಕ್ಕವೂ ಅದನ್ನೇ ಹೇಳುತ್ತದೆ. ನೋಡುವವನ ಕಣ್ಣು 5 ಅಡಿಯಲ್ಲಿ, ಗೋಡೆ 18 ಅಡಿ ದೂರ, ಮನೆ 33 ಅಡಿ ದೂರ. ಗೋಡೆಯ ತಲೆ ಸವರಿ ಹೋದ ನೋಟ ಮನೆಯನ್ನು 6.8 ಅಡಿ ಎತ್ತರದಲ್ಲಿ ಮುಟ್ಟುತ್ತದೆ. ಜಗಲಿಯಲ್ಲಿ ನಿಂತವರ ನೆತ್ತಿ ಬಿಟ್ಟರೆ ಬೇರೇನೂ ಕಾಣದು. ನಾಲ್ಕು ಅಡಿಗೆ ಇಳಿಸಿದರೆ ಅದೇ ನೋಟ 3.2 ಅಡಿಯಲ್ಲಿ ಮುಟ್ಟುತ್ತದೆ. ಜಗಲಿಯ ನೆಲದ ಮೇಲೆ ಕೂತವರ ಕಣ್ಣು ನೆಲಮಟ್ಟದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿರುತ್ತದೆ, ಹಾಗಾಗಿ ಅವರ ಮುಖ ರಸ್ತೆಗೂ, ರಸ್ತೆಯ ಆಚೆ ಬದಿಯಲ್ಲಿ ಹೋಗುವವರು ಸೊಂಟದಿಂದ ಮೇಲೆ ಅವರಿಗೂ ಕಾಣುತ್ತಾರೆ. ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ತಾಯಿ ಎರಡನೆಯದರ ಮೇಲೆ ಕೈ ಇಟ್ಟರು. ಯಜಮಾನರು ತುಸು ಹೊತ್ತು ನೋಡಿ, "ಆಯ್ತಮ್ಮ, ನಾಲ್ಕೇ ಇರಲಿ" ಎಂದರು.

ಮೆಟ್ಟಿಲು ಎಲ್ಲಿ ಕೊಡುವುದು ಎನ್ನುವುದನ್ನೂ ಚಿತ್ರದಲ್ಲೇ ನೋಡಿದೆವು. 24 ಅಡಿಯ ಕಂಬದ ಬಳಿ ಒಂದು ಕಲ್ಲು ಏರಿಸಿದರೆ, ಅಲ್ಲಿಯವರೆಗೆ ಗೋಡೆ ನೆಲದಿಂದ 4 ಅಡಿಯಿಂದ 3 ಅಡಿ 7 ಇಂಚಿಗೆ ಇಳಿಯುತ್ತದೆ, ಅಲ್ಲಿ 4 ಅಡಿ 3 ಇಂಚಿಗೆ ಏರಿ ಕೊನೆಯಲ್ಲಿ ಮತ್ತೆ ನಾಲ್ಕರ ಹತ್ತಿರ ಬರುತ್ತದೆ. ಚಿತ್ರದಲ್ಲಿ ಆ ಕಂಬದ ಎಡಕ್ಕೆ ಮೇಲಂಚು 2076ರಲ್ಲಿ, ಬಲಕ್ಕೆ 2012ರಲ್ಲಿ. ಎರಡೂ ತುಂಡುಗಳ ಅಂಚು 1980ರ ಬಿಂದುವಿಗೇ ಓಡುತ್ತವೆ.

ನೆರಳಿಗೆ ಮತ್ತೆ ಕೋಲುಗಳೇ ದಾರಿ ತೋರಿಸಿದವು. ಎರಡೂ ಕೋಲುಗಳ ಬುಡದಿಂದ ಅವುಗಳ ನೆರಳಿನ ತುದಿಗೆ ಗೆರೆ ಎಳೆದು ಮುಂದುವರಿಸಿದರೆ, ಆ ಗೆರೆಗಳು ಸೇರುವಲ್ಲಿ ನೆರಳುಗಳ ವ್ಯಾನಿಷಿಂಗ್ ಪಾಯಿಂಟ್ ಸಿಗುತ್ತದೆ. ಎಲ್ಲ ಕಂಬಗಳ ನೆರಳೂ ಅಲ್ಲಿಗೇ ಹೋಗಬೇಕು. ರಸ್ತೆಬದಿಯ ಕರೆಂಟ್ ಕಂಬ ಮತ್ತು ಒಂದು ದಾಸವಾಳದ ಗಿಡ ಗೋಡೆಯ ಮುಂದೆ ಬರುವುದರಿಂದ ಅವನ್ನು ಮೂಲ ಫೋಟೊದಿಂದ ಮಾಸ್ಕ್ ಮಾಡಿ ಮೇಲಿನ ಲೇಯರಿಗೆ ತಂದೆ. ಗೋಡೆಯ ಲೇಯರಿಗೆ ಫೋಟೊದಲ್ಲಿರುವಷ್ಟೇ ಸಣ್ಣ ಚುಕ್ಕೆಗಳ ಗ್ರೇನ್ ಸೇರಿಸಿದೆ, ಇಲ್ಲದಿದ್ದರೆ ಅದೊಂದೇ ನುಣ್ಣಗೆ ಎದ್ದು ಕಾಣುತ್ತದೆ.

ಮೇಸ್ತ್ರಿಗೆ ಕೊಟ್ಟ ಪ್ರಿಂಟಿನಲ್ಲಿ ಗ್ರಿಡ್ ಅಳಿಸಲಿಲ್ಲ. ಪ್ರತಿ ಕಂಬದ ಮೇಲೆ ಮೂಲೆಯಿಂದ ಎಷ್ಟು ಅಡಿ, ಅಲ್ಲಿ ನೆಲದಿಂದ ಗೋಡೆ ಎಷ್ಟು ಎತ್ತರ ಎಂದು ಬರೆದು, 24ರ ಕಂಬಕ್ಕೆ ಕೆಂಪು ಗುರುತು ಹಾಕಿ ಕೊಟ್ಟೆ. ಅವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಪಾಯ ತೋಡಿಸಲು ಹೋದರು.